ಕರೆಯೋಲೆಯ ಕರಡು: ‘ಓಕೆ’ ಎನ್ನುವ ಮುನ್ನ

ರಾತ್ರಿ ಊಟದ ಹೊತ್ತಿಗೆ ಪ್ರೆಸ್ಸಿನಿಂದ ವಾಟ್ಸಾಪ್‌ಗೆ ಒಂದು ಫೋಟೋ ಬರುತ್ತದೆ. ‘ಸಾರ್, ನೋಡ್ಬಿಟ್ಟು ಓಕೆ ಹೇಳಿ, ಬೆಳಿಗ್ಗೆ ಪ್ರಿಂಟಿಗೆ ಹಾಕ್ತೀವಿ’ ಎಂಬ ಸಂದೇಶ ಅದರ ಕೆಳಗೇ ಇರುತ್ತದೆ. ಮನೆಯವರೆಲ್ಲ ಮೊಬೈಲ್ ಸುತ್ತ ಕೂಡುತ್ತಾರೆ. ಗಣಪತಿಯ ಚಿತ್ರ ಚೆನ್ನಾಗಿದೆಯೇ, ಬಣ್ಣ ಒಪ್ಪುತ್ತದೆಯೇ, ಸೋದರಮಾವನ ಹೆಸರು ಬಂದಿದೆಯೇ ಎಂದು ನೋಡಿ ಹೆಬ್ಬೆರಳಿನ ಗುರುತು ಕಳಿಸುತ್ತಾರೆ. ಮಾರನೆಯ ವಾರ ಕಾರ್ಡಿನ ಕಟ್ಟು ಬಿಚ್ಚಿದಾಗ ವಾರವೇ ತಪ್ಪಾಗಿರುವುದು ಕಾಣುತ್ತದೆ. ಆಮೇಲೆ ಉಳಿಯುವ ದಾರಿ ಎರಡೇ: ಸಾವಿರ ಕಾರ್ಡಿನ ಮೇಲೂ ಚೀಟಿ ಅಂಟಿಸುವುದು, ಇಲ್ಲವೇ ಮತ್ತೆ ದುಡ್ಡು ಕೊಟ್ಟು ಅಚ್ಚು ಹಾಕಿಸುವುದು.

ಲಗ್ನಪತ್ರಿಕೆಯ ತಪ್ಪುಗಳಲ್ಲಿ ಎರಡು ಬಗೆ. ಕಾಗುಣಿತದ ತಪ್ಪು ನೋಡಿದವರು ನಕ್ಕು ಸುಮ್ಮನಾಗುತ್ತಾರೆ. ದಿನ, ಹೊತ್ತು, ಸ್ಥಳ, ಹೆಸರಿನ ತಪ್ಪು ಮಾತ್ರ ನೆಂಟರನ್ನು ಅಲೆಸುತ್ತದೆ. ಮದುವೆಯ ನಂತರವೂ ಅದು ಬೆನ್ನು ಬಿಡುವುದಿಲ್ಲ. ವಿವಾಹ ನೋಂದಣಿಗೆ ಉಪನೋಂದಣಾಧಿಕಾರಿ ಕಚೇರಿಗೆ ಹೋದಾಗ ವಯಸ್ಸಿನ ದಾಖಲೆ, ಫೋಟೋಗಳ ಜೊತೆಗೆ ಆಹ್ವಾನ ಪತ್ರಿಕೆಯನ್ನೂ ಕೇಳುತ್ತಾರೆ. ಪತ್ರಿಕೆಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು ಹೆಸರು ಇದ್ದರೆ ಅಲ್ಲಿ ವಿವರಣೆ ಕೊಡುತ್ತ ನಿಲ್ಲಬೇಕಾಗುತ್ತದೆ. ಹಾಗಾಗಿ ಕರಡು ತಿದ್ದುವ ಕೆಲಸ ವಿವರಗಳಿಂದ ಶುರುವಾಗಿ ಅಕ್ಷರಗಳಿಗೆ ಬರಬೇಕು. ಸಾಮಾನ್ಯವಾಗಿ ನಾವು ಮಾಡುವುದು ಇದರ ತಿರುವುಮುರುವು.

ಮೊದಲು ಫೋಟೋ ಸರಿಯಿರಲಿ

ವಾಟ್ಸಾಪ್‌ನಲ್ಲಿ ಫೋಟೋವಾಗಿ ಬಂದದ್ದು ದಾರಿಯಲ್ಲಿ ಕುಗ್ಗಿರುತ್ತದೆ. ಕನ್ನಡಕ್ಕೆ ಇದರ ಪೆಟ್ಟು ಹೆಚ್ಚು. ದ ಮತ್ತು ಧ, ಬ ಮತ್ತು ಭ, ಪ ಮತ್ತು ಫ ಇವುಗಳ ನಡುವೆ ಇರುವ ವ್ಯತ್ಯಾಸ ಅಕ್ಷರದ ಬುಡದ ಒಂದು ಸಣ್ಣ ಸೀಳು. ದ ಮತ್ತು ಥ ನಡುವೆ ಇರುವುದು ಹೊಟ್ಟೆಯೊಳಗಿನ ಒಂದು ಚುಕ್ಕೆ. ಒತ್ತಕ್ಷರವಂತೂ ಸಾಲಿನ ಕೆಳಗೆ ಇನ್ನೂ ಚಿಕ್ಕದಾಗಿ ಕೂತಿರುತ್ತದೆ. ಮಸುಕು ಫೋಟೋದಲ್ಲಿ ಇವು ಕಾಣುವುದಿಲ್ಲ, ಆದರೆ ಓದುವವರಿಗೆ ಪದ ಗೊತ್ತಿರುವುದರಿಂದ ಕಣ್ಣು ಕಾಣದ್ದನ್ನೂ ತುಂಬಿಕೊಂಡು ಮುಂದೆ ಹೋಗುತ್ತದೆ. ‘ವಧು’ ಎಂದು ಓದಿಕೊಂಡದ್ದು ಅಚ್ಚಿನಲ್ಲಿ ‘ವದು’ ಆಗಿರುತ್ತದೆ.

ಆದ್ದರಿಂದ ಪ್ರೆಸ್ಸಿನವರಿಗೆ ಪಿಡಿಎಫ್ ಕಳಿಸಲು ಹೇಳಿ. ಫೋಟೋವೇ ಆಗಬೇಕೆಂದರೆ ಡಾಕ್ಯುಮೆಂಟ್ ಆಗಿ ಲಗತ್ತಿಸಿ ಕಳಿಸಲಿ, ಆಗ ಅದು ಕುಗ್ಗುವುದಿಲ್ಲ. ಕಂಪ್ಯೂಟರ್ ಪರದೆಯ ಮೇಲೆ ಮೊಬೈಲ್ ಹಿಡಿದು ತೆಗೆದ ಫೋಟೋವನ್ನು ಒಪ್ಪಬೇಡಿ, ಅದರಲ್ಲಿ ಅಲೆ ಅಲೆಯಾದ ಗೆರೆಗಳು ಬಂದು ಒತ್ತುಗಳನ್ನು ನುಂಗುತ್ತವೆ. ಅಚ್ಚಾದ ಮಾದರಿ ಕಾರ್ಡನ್ನು ನೀವೇ ಫೋಟೋ ತೆಗೆಯುವುದಾದರೆ ಕಿಟಕಿಯ ಬೆಳಕಿನಲ್ಲಿ ಮೇಜಿನ ಮೇಲೆ ಮಟ್ಟಸವಾಗಿ ಇಟ್ಟು, ಫ್ಲ್ಯಾಷ್ ಇಲ್ಲದೆ ತೆಗೆಯಿರಿ. ಚಿನ್ನದ ಬಣ್ಣದ ಫಾಯಿಲ್ ಅಕ್ಷರಗಳು ಫ್ಲ್ಯಾಷ್ ಬಿದ್ದರೆ ಹೊಳೆದು ಬೆಳ್ಳಗಾಗುತ್ತವೆ. ಎಷ್ಟು ಹಿಗ್ಗಿಸಿದರೂ ಒಂದು ಅಕ್ಷರ ಬಿಡಿಸಿ ಕಾಣದಿದ್ದರೆ ಊಹಿಸಬೇಡಿ, ‘ಈ ಪದ ಟೈಪ್ ಮಾಡಿ ಕಳಿಸಿ’ ಎಂದು ಕೇಳಿ.

ಒಂದು ಮಾದರಿ ಪತ್ರಿಕೆ

ಈ ಲೇಖನಕ್ಕೆಂದೇ ಕಟ್ಟಿದ ಒಂದು ಪತ್ರಿಕೆ ಇಲ್ಲಿದೆ. ಹೆಸರುಗಳು ಕಲ್ಪಿತ, ಊರು ಶಿವಮೊಗ್ಗ, ದಿನ 2025ರ ಅಕ್ಷಯ ತೃತೀಯ. ತಂದೆತಾಯಿಯರ ಮತ್ತು ಕಲ್ಯಾಣ ಮಂಟಪದ ಹೆಸರು ಬಿಟ್ಟಿದ್ದೇನೆ. ಮುಂದೆ ಓದುವ ಮೊದಲು ನೀವೇ ಒಮ್ಮೆ ತಪ್ಪು ಹುಡುಕಿ ನೋಡಿ.

> ಸ್ವಸ್ತಿಶ್ರೀ ವಿಜಯಾಭ್ಯುದಯ ನೃಪ ಶಾಲಿವಾಹನ ಶಕ 1946ನೇ ಶ್ರೀ ಕ್ರೋಧಿನಾಮ ಸಂವತ್ಸರದ ಉತ್ತರಾಯಣ, ವಸಂತ ಋತು, ವೈಶಾಖ ಮಾಸ, ಶುಕ್ಲಪಕ್ಷ ತದಿಗೆ, ದಿನಾಂಕ 30-4-2025ನೇ ಗುರುವಾರ, ರೋಹಿಣಿ ನಕ್ಷತ್ರ, ಬೆಳಿಗ್ಗೆ 9-15ರಿಂದ 10-15ರವರೆಗೆ ಸಲ್ಲುವ ಕರ್ಕಾಟಕ ಲಗ್ನದ ಶುಭ ಮೂಹುರ್ತದಲ್ಲಿ ನಮ್ಮ ದ್ವೀತಿಯ ಪುತ್ರಿ ಚಿ॥ ಕುಂ॥ ಸೌ॥ ಶ್ರುತಿಯ ವಿವಾಹವನ್ನು, ಇವರ ಜೇಷ್ಠ ಪುತ್ರ ಚಿ॥ ರಾ॥ ಹರ್ಷನೊಂದಿಗೆ ನಡೆಸಲು ಗುರುಹಿರಿಯರು ನಿಶ್ಚಯಿಸಿರುವುದರಿಂದ ತಾವು ಸಕುಟುಂಬ ಸಪರಿವಾರ ಸಮೇತರಾಗಿ ಆಗಮಿಸಿ ವಧೂವರರನ್ನು ಆರ್ಶೀವದಿಸಬೇಕಾಗಿ ಕೋರುವ
>
> ಆರತಕ್ಷತೆ: 30-4-2025ನೇ ಮಂಗಳವಾರ ಸಂಜೆ 7ಕ್ಕೆ
>
> ಬೀಗರ ಔತಣ: 4-5-2025ನೇ ಭಾನುವಾರ ಮಧ್ಯಾಹ್ನ 12-30ಕ್ಕೆ

ವಿವರಗಳು ಒಂದಕ್ಕೊಂದು ತಾಳೆಯಾಗಬೇಕು

ಪಂಚಾಂಗದ ಸಾಲನ್ನು ಯಾರೂ ಓದುವುದಿಲ್ಲ, ತಪ್ಪು ಅಡಗುವುದು ಅಲ್ಲಿಯೇ. ಪ್ರೆಸ್ಸಿನಲ್ಲಿ ಪ್ರತಿ ಪತ್ರಿಕೆಯನ್ನೂ ಹೊಸದಾಗಿ ಕೂಡಿಸುವುದಿಲ್ಲ. ಹಿಂದಿನ ಯಾರದೋ ಮದುವೆಯ ಫೈಲ್ ತೆಗೆದು, ಹೆಸರು ತಾರೀಖು ಬದಲಿಸಿ, ಉಳಿದದ್ದನ್ನು ಹಾಗೇ ಬಿಡುತ್ತಾರೆ. ಮೇಲಿನ ಪತ್ರಿಕೆಯಲ್ಲಿ ಆಗಿರುವುದು ಅದೇ. ಸಂವತ್ಸರ ಬದಲಾಗುವುದು ಯುಗಾದಿಗೆ. 2025ರ ಯುಗಾದಿ ಮಾರ್ಚ್ 30ರಂದು ಬಂತು, ಅಂದಿನಿಂದ ವಿಶ್ವಾವಸು ಸಂವತ್ಸರ, ಶಕ 1947. ಕ್ರೋಧಿ, 1946 ಎಂಬುದು ಹಿಂದಿನ ವರ್ಷದ ಗಿರಾಕಿಯ ಉಳಿಕೆ. ಇದನ್ನು ಪರೀಕ್ಷಿಸುವ ಲೆಕ್ಕ ಸುಲಭ: ಯುಗಾದಿಯ ನಂತರದ ಮದುವೆಯಾದರೆ ಇಸವಿಯಿಂದ 78 ಕಳೆಯಿರಿ, ಜನವರಿಯಿಂದ ಯುಗಾದಿಯವರೆಗಿನ ಮದುವೆಯಾದರೆ 79 ಕಳೆಯಿರಿ. ಬರುವುದೇ ಶಕ ವರ್ಷ.

ಅದೇ ಸಾಲಿನಲ್ಲಿ ಮುಂದೆ ಋತು, ಮಾಸ, ತಿಥಿ. ಚೈತ್ರ, ವೈಶಾಖ ಎರಡೂ ವಸಂತ ಋತು, ಆದ್ದರಿಂದ ಅದು ಸರಿ. ತಿಥಿಯನ್ನು ಗೋಡೆಯ ಕ್ಯಾಲೆಂಡರಿನಲ್ಲೇ ನೋಡಬಹುದು. ಆ ತಿಂಗಳು 27ಕ್ಕೆ ಅಮಾವಾಸ್ಯೆ, 28 ಪಾಡ್ಯ, 29 ಬಿದಿಗೆ, 30 ತದಿಗೆ. ಇದೂ ಸರಿ. ತಿಥಿಗಳು ಗಡಿಯಾರದ ದಿನಕ್ಕೆ ಸರಿಯಾಗಿ ಹೊಂದುವುದಿಲ್ಲವಾದ್ದರಿಂದ ಒಮ್ಮೊಮ್ಮೆ ಲೆಕ್ಕದಲ್ಲಿ ಒಂದು ದಿನ ಆಚೀಚೆ ಆದೀತು. ನಾಲ್ಕೈದು ದಿನ ವ್ಯತ್ಯಾಸ ಬಂದರೆ ಮಾತ್ರ ಅದು ಹಳೆಯ ಫೈಲಿನ ತಿಥಿ ಎಂದು ತಿಳಿಯಿರಿ.

ಈಗ ವಾರ. 2025ರ ಏಪ್ರಿಲ್ 30 ಬುಧವಾರ, ಪತ್ರಿಕೆಯಲ್ಲಿ ಗುರುವಾರ. ಇಲ್ಲಿ ತಾರೀಖು ಸರಿ, ವಾರ ತಪ್ಪು ಎಂದು ಹೇಗೆ ಹೇಳುವುದು? ತದಿಗೆ ಮತ್ತು ರೋಹಿಣಿ ಎರಡೂ 30ಕ್ಕೆ ಹೊಂದುತ್ತವೆ. ಒಟ್ಟು ನಾಲ್ಕು ಸುಳಿವುಗಳಲ್ಲಿ ಮೂರು ಒಂದೇ ದಿನವನ್ನು ತೋರಿಸುವಾಗ ನಾಲ್ಕನೆಯದನ್ನು ತಿದ್ದಬಹುದು. ಆರತಕ್ಷತೆಯ ಸಾಲು ಹಾಗಲ್ಲ. ‘30, ಮಂಗಳವಾರ’ ಎಂದಿದೆ. ಮದುವೆಯ ಹಿಂದಿನ ಸಂಜೆ ಆರತಕ್ಷತೆ ಇಟ್ಟುಕೊಳ್ಳುವ ಮನೆಗಳಿವೆ, ಹಾಗಿದ್ದರೆ 29ರ ಮಂಗಳವಾರ ಸರಿ. ಮದುವೆಯ ದಿನವೇ ಸಂಜೆ ಇಟ್ಟುಕೊಳ್ಳುವವರೂ ಇದ್ದಾರೆ, ಹಾಗಿದ್ದರೆ 30ರ ಬುಧವಾರ ಸರಿ. ಇದು ಮನೆಯವರಿಗೆ ಮಾತ್ರ ಗೊತ್ತು. ಕರಡು ನೋಡುವವರು ಇಲ್ಲಿ ತಿದ್ದಬಾರದು, ಕೇಳಬೇಕು. ತಪ್ಪು ಕಂಡ ಕೂಡಲೇ ತಾವೇ ಸರಿಪಡಿಸಿ ಕಳಿಸುವ ಉತ್ಸಾಹದಿಂದ ಒಂದು ತಪ್ಪು ಹೋಗಿ ಇನ್ನೊಂದು ಕೂತುಕೊಂಡ ಪತ್ರಿಕೆಗಳು ಬೇಕಾದಷ್ಟಿವೆ.

ಲಗ್ನದ್ದು ಇನ್ನೂ ಸೂಕ್ಷ್ಮ. ಸೂರ್ಯೋದಯದ ಹೊತ್ತಿಗೆ ಸೂರ್ಯನಿರುವ ರಾಶಿಯೇ ಲಗ್ನ, ಆಮೇಲೆ ಸುಮಾರು ಎರಡೆರಡು ಗಂಟೆಗೆ ಒಂದೊಂದು ರಾಶಿ ಮುಂದೆ ಸಾಗುತ್ತದೆ. ಏಪ್ರಿಲ್ ಕೊನೆಯಲ್ಲಿ ಸೂರ್ಯ ಮೇಷದ ನಡುವಿನಲ್ಲಿ ಇರುತ್ತಾನೆ. ನಮ್ಮ ಕಡೆ ಆರು ಗಂಟೆಗೆ ಸೂರ್ಯೋದಯವಾದರೆ ಏಳರ ಒಳಗೆ ಮೇಷ ಮುಗಿಯುತ್ತದೆ, ಒಂಬತ್ತರ ಸುಮಾರಿಗೆ ವೃಷಭ ಮುಗಿಯುತ್ತದೆ, ಹನ್ನೊಂದರವರೆಗೆ ಮಿಥುನ. ಹಾಗಾದರೆ 9-15ರಿಂದ 10-15ಕ್ಕೆ ಇರಬೇಕಾದದ್ದು ಮಿಥುನ, ಕರ್ಕಾಟಕವಲ್ಲ. ಒಂದೋ ಲಗ್ನದ ಹೆಸರು ತಪ್ಪು, ಇಲ್ಲವೇ ಹೊತ್ತು ತಪ್ಪು. ಹೊತ್ತು ತಪ್ಪಿದ್ದರೆ ಮುಹೂರ್ತ ಹನ್ನೊಂದರ ಮೇಲೆ ಎಂದಾಯಿತು, ಅಡುಗೆಯವರಿಂದ ಹಿಡಿದು ವಾಲಗದವರವರೆಗೆ ಎಲ್ಲರ ಹೊತ್ತೂ ಬದಲಾಗುತ್ತದೆ. ಪುರೋಹಿತರು ಬರೆದುಕೊಟ್ಟ ಚೀಟಿಯ ಫೋಟೋ ತರಿಸಿಕೊಂಡು ಪಕ್ಕದಲ್ಲಿಟ್ಟು ನೋಡುವುದೊಂದೇ ಇದಕ್ಕೆ ಸರಿಯಾದ ದಾರಿ. ಮುಹೂರ್ತ ನಡುರಾತ್ರಿ ದಾಟಿದ್ದರೆ ಇನ್ನೊಂದು ಎಚ್ಚರಿಕೆ ಬೇಕು. ಪಂಚಾಂಗದ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ, ಕ್ಯಾಲೆಂಡರಿನ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ರಾತ್ರಿ ಒಂದು ಗಂಟೆಯ ಮುಹೂರ್ತಕ್ಕೆ ಯಾವ ತಾರೀಖು ಹಾಕಿದ್ದಾರೆ, ಬಂದವರು ಯಾವ ರಾತ್ರಿ ಬರಬೇಕು ಎಂಬುದು ಬಿಡಿಸಿ ಬರೆದಿರಬೇಕು.

ಹೆಸರುಗಳಿಗೆ ಬಂದರೆ, ವಧುವಿನ ಕಡೆಯ ಪತ್ರಿಕೆ ಮತ್ತು ವರನ ಕಡೆಯ ಪತ್ರಿಕೆ ಒಂದೇ ಫೈಲಿನಿಂದ ಹುಟ್ಟಿದ್ದರೆ ‘ನಮ್ಮ’ ಎಂಬ ಪದವನ್ನು ಹುಡುಕಿ. ವರನ ತಂದೆತಾಯಿಯ ಹೆಸರಿನ ಮೇಲೆ ‘ನಮ್ಮ ಪುತ್ರಿ’ ಎಂದು ಉಳಿದುಬಿಡುವುದು ಹೊಸದೇನಲ್ಲ. ‘ದಿ॥’ ಎಂಬ ಗುರುತನ್ನೂ ಒಂದೊಂದಾಗಿ ನೋಡಿ. ಅದು ದಿನಾಂಕಕ್ಕೂ ಬರುತ್ತದೆ, ದಿವಂಗತರಿಗೂ ಬರುತ್ತದೆ. ಅಜ್ಜನ ಹೆಸರಿನ ಮುಂದೆ ಇರಬೇಕಾದದ್ದು ಸಾಲು ಒಡೆದಾಗ ಜಾರಿ ಚಿಕ್ಕಪ್ಪನ ಹೆಸರಿನ ಮುಂದೆ ಕೂತರೆ ಯಾವ ಕ್ಷಮಾಪಣೆಯೂ ಸಾಲುವುದಿಲ್ಲ. ಕೆಳಗಿನ ಫೋನ್ ನಂಬರನ್ನು ಓದಿ ನೋಡಬೇಡಿ, ಪತ್ರಿಕೆಯಲ್ಲಿ ಇರುವಂತೆಯೇ ಒತ್ತಿ ಕರೆ ಮಾಡಿ. ದಾರಿ ತೋರಿಸುವ ಕ್ಯೂಆರ್ ಕೋಡ್ ಇದ್ದರೆ ಇನ್ನೊಂದು ಮೊಬೈಲಿನಿಂದ ಸ್ಕ್ಯಾನ್ ಮಾಡಿ. ಅದೂ ಹಳೆಯ ಗಿರಾಕಿಯ ಮಂಟಪಕ್ಕೆ ಕರೆದೊಯ್ಯಬಹುದು.

ಆಮೇಲೆ ಅಕ್ಷರ

ಲಗ್ನಪತ್ರಿಕೆಯಲ್ಲಿ ಎಡವುವ ಪದಗಳು ಹತ್ತು ಹನ್ನೆರಡಷ್ಟೇ, ಅವೇ ಮತ್ತೆ ಮತ್ತೆ ಬರುತ್ತವೆ. ‘ಆಶೀರ್ವಾದ’ ಅವುಗಳಲ್ಲಿ ಮೊದಲನೆಯದು. ಅರ್ಕಾವತ್ತು ಉಚ್ಚಾರದಲ್ಲಿ ಮೊದಲು, ಬರಹದಲ್ಲಿ ಅಕ್ಷರದ ನಂತರ. ಈ ಗೊಂದಲದಲ್ಲಿ ಅದು ಒಂದು ಅಕ್ಷರ ಹಿಂದಕ್ಕೆ ಸರಿದು ‘ಆರ್ಶೀವಾದ’ ಆಗುತ್ತದೆ. ‘ಮುಹೂರ್ತ’ದಲ್ಲಿ ದೀರ್ಘ ಇರುವುದು ಹೂಗೆ, ಮುಗೆ ಅಲ್ಲ. ‘ದ್ವಿತೀಯ’ದಲ್ಲಿ ತೀಗೆ ದೀರ್ಘ. ‘ಜ್ಯೇಷ್ಠ’ದಲ್ಲಿ ಯ ಒತ್ತು ಬೇಕು. ಜ್ಯೇಷ್ಠ, ಕನಿಷ್ಠ ಎರಡರಲ್ಲೂ ಷಕಾರದ ಕೆಳಗಿರುವುದು ಠ ಒತ್ತು, ಟ ಒತ್ತಲ್ಲ. ವೈಶಾಖದಲ್ಲಿ ಖ, ವೃಷಭದಲ್ಲಿ ಭ. ಈ ಪದಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಪತ್ರಿಕೆಯಲ್ಲಿ ಒಂದೊಂದನ್ನೇ ಹುಡುಕಿದರೆ ಮುಕ್ಕಾಲು ಕೆಲಸ ಮುಗಿಯುತ್ತದೆ.

ಎಲ್ಲಿ ನಿಲ್ಲಬೇಕೆಂಬುದೂ ತಿಳಿದಿರಬೇಕು. ‘ಸಕುಟುಂಬ ಸಪರಿವಾರ ಸಮೇತರಾಗಿ’ ಎಂಬಲ್ಲಿ ‘ಸ’ ಬಂದ ಮೇಲೆ ‘ಸಮೇತ’ ಬೇಕಿಲ್ಲ ಎಂಬುದು ವ್ಯಾಕರಣದ ಮಾತು. ಆದರೆ ಅದು ತಲೆಮಾರುಗಳಿಂದ ಪತ್ರಿಕೆಗಳಲ್ಲಿ ನಡೆದುಬಂದ ಮಾತು, ಅದರಿಂದ ಯಾರಿಗೂ ತೊಂದರೆಯಿಲ್ಲ. ಬೆಳಿಗ್ಗೆ, ಬೆಳಗ್ಗೆ ಎರಡೂ ಬಳಕೆಯಲ್ಲಿವೆ. ಒಂದೇ ಪತ್ರಿಕೆಯಲ್ಲಿ ಎರಡೂ ಬೇಡ, ಅಷ್ಟೆ. ಹಿರಿಯರು ಆಸೆಪಟ್ಟು ಬರೆಸಿದ ಒಕ್ಕಣೆಯನ್ನು ನಮ್ಮ ರುಚಿಗೆ ತಿದ್ದುವುದು ಕರಡು ನೋಡುವವರ ಕೆಲಸವಲ್ಲ.

ತಿದ್ದಿದ್ದನ್ನು ಪ್ರೆಸ್ಸಿಗೆ ಹೇಳುವುದರಲ್ಲೂ ಕ್ರಮವಿದೆ. ಫೋಟೋದ ಮೇಲೆ ಸುತ್ತು ಹಾಕಿ ಬರೀ ‘ಇದು ತಪ್ಪು’ ಎಂದರೆ ಸರಿಯಾದದ್ದು ಯಾವುದೆಂದು ಅವರು ಊಹಿಸಬೇಕಾಗುತ್ತದೆ. ಸುತ್ತಿನ ಪಕ್ಕ ಸಂಖ್ಯೆ ಹಾಕಿ, ಕೆಳಗೆ ‘1. ಗುರುವಾರ ತೆಗೆದು ಬುಧವಾರ ಮಾಡಿ. 2. ಶಕ 1946 ಕ್ರೋಧಿ ತೆಗೆದು 1947 ವಿಶ್ವಾವಸು ಮಾಡಿ’ ಎಂದು ಟೈಪ್ ಮಾಡಿ ಕಳಿಸಿ. ದೂರವಾಣಿಯಲ್ಲಿ ಹೇಳಿದ ತಿದ್ದುಪಡಿಗೆ ಲೆಕ್ಕವಿಲ್ಲ. ನೀವು ಕಳಿಸಿದ ಯೂನಿಕೋಡ್ ಅಕ್ಷರಗಳು ಹಳೆಯ ಪೇಜ್‌ಮೇಕರ್, ಕೋರಲ್‌ಡ್ರಾಗಳಲ್ಲಿ ಸರಿಯಾಗಿ ಕೂರುವುದಿಲ್ಲವಾದ್ದರಿಂದ ಅವರು ಬಹಳ ಸಲ ಮತ್ತೆ ಕೈಯಿಂದಲೇ ಟೈಪ್ ಮಾಡುತ್ತಾರೆ. ಅಂದರೆ ತಿದ್ದುವಾಗಲೇ ಹೊಸ ತಪ್ಪು ಸೇರಬಹುದು. ಎರಡನೆಯ ಕರಡನ್ನು ತಿದ್ದಿದ ಜಾಗಗಳಲ್ಲಿ ಮಾತ್ರ ನೋಡದೆ ಇಡಿಯಾಗಿ ಓದಿ. ಒಬ್ಬರು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಅಕ್ಷರದ ಮೇಲೆ ಬೆರಳಿಟ್ಟು ನೋಡಲಿ.

ಇಂಗ್ಲಿಷ್ ಪ್ರತಿ ಹೊಂದಬೇಕಾದದ್ದು ಯಾವುದರಲ್ಲಿ

ಆಫೀಸಿನವರಿಗೆ, ಹೊರ ರಾಜ್ಯದ ಗೆಳೆಯರಿಗೆ, ಅಮೆರಿಕದಲ್ಲಿರುವ ಮಗನ ಸಹೋದ್ಯೋಗಿಗಳಿಗೆ ಇಂಗ್ಲಿಷ್ ಪತ್ರಿಕೆಯೂ ಬೇಕಾಗುತ್ತದೆ. ಅದನ್ನು ಕನ್ನಡದ ಕರಡು ಪೂರ್ತಿ ಸರಿಯಾದ ಮೇಲೆಯೇ ಬರೆಯಬೇಕು. ಮೊದಲೇ ಬರೆದರೆ ಗುರುವಾರ ಎಂಬ ತಪ್ಪು ‘ಥರ್ಸ್‌ಡೇ’ ಆಗಿ ಎರಡನೆಯ ಪತ್ರಿಕೆಗೂ ದಾಟುತ್ತದೆ.

ಎರಡು ಪತ್ರಿಕೆಗಳು ಹೊಂದಬೇಕಾದದ್ದು ವಿವರಗಳಲ್ಲಿ, ವಾಕ್ಯಗಳಲ್ಲಲ್ಲ. ಕನ್ನಡ ಪತ್ರಿಕೆ ಒಂದೇ ಉದ್ದ ವಾಕ್ಯ. ಶಕ ಸಂವತ್ಸರದಿಂದ ಹೊರಟು, ಮಕ್ಕಳ ಹೆಸರು ಹೇಳಿ, ‘ಕೋರುವ’ ಎಂದ ಮೇಲೆ ಕರೆಯುವವರ ಹೆಸರು ಕೊನೆಯಲ್ಲಿ ಬರುತ್ತದೆ. ಇಂಗ್ಲಿಷ್ ಪತ್ರಿಕೆಯ ಪದ್ಧತಿಯಲ್ಲಿ ಕರೆಯುವವರೇ ಮೊದಲು. ಮೊದಲ ಸಾಲಿನಲ್ಲಿ ವಧುವಿನ ತಂದೆತಾಯಿ. ಎರಡನೆಯದರಲ್ಲಿ ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ’ ಅಥವಾ ‘ಕಾರ್ಡಿಯಲಿ ಇನ್ವೈಟ್ ಯು ಅಂಡ್ ಯುವರ್ ಫ್ಯಾಮಿಲಿ’ ಎಂಬ ಮಾತು. ಮೂರನೆಯದರಲ್ಲಿ ‘ಅಟ್ ದ ವೆಡಿಂಗ್ ಆಫ್’ ಅಥವಾ ‘ಟು ದ ವೆಡಿಂಗ್ ಆಫ್’ ಎಂದು ಮಗಳ ಹೆಸರು. ರಿಕ್ವೆಸ್ಟ್ ಬಳಸಿದರೆ ಅಟ್, ಇನ್ವೈಟ್ ಬಳಸಿದರೆ ಟು. ಅದರ ಕೆಳಗೆ ಅಳಿಯನ ಹೆಸರು, ಅವನ ತಂದೆತಾಯಿ. ನಮ್ಮ ‘ಹರ್ಷನೊಂದಿಗೆ’ ಎಂಬುದನ್ನು ‘ವಿತ್ ಹರ್ಷ’ ಎಂದು ಬರೆಯುವವರೇ ಹೆಚ್ಚು, ಇಂಗ್ಲಿಷಿನ ವಾಡಿಕೆ ‘ಟು ಹರ್ಷ’. ತಂದೆತಾಯಿಯಲ್ಲಿ ಒಬ್ಬರು ತೀರಿಕೊಂಡಿದ್ದರೆ ಆ ಹೆಸರನ್ನು ಕರೆಯುವವರ ಸಾಲಿನಲ್ಲಿ ಹಾಕದೆ, ಮಗ ಅಥವಾ ಮಗಳ ಹೆಸರಿನ ಕೆಳಗೆ ‘ಲೇಟ್’ ಎಂದು ಸೇರಿಸಿ ಬರೆಯಬೇಕು.

ಪಂಚಾಂಗದ ಸಾಲನ್ನು ಇಂಗ್ಲಿಷಿನಲ್ಲಿ ಪೂರ್ತಿ ಬಿಡಬಹುದು. ಉಳಿಸಲೇಬೇಕೆಂದಿದ್ದರೆ ಮಿಥುನ ಲಗ್ನ, ರೋಹಿಣಿ ನಕ್ಷತ್ರ ಎಂಬ ಹೆಸರುಗಳನ್ನು ಹಾಗೆಯೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯಿರಿ. ಹೊರಗಿನವರಿಗೆ ಬೇಕಾದದ್ದು ಬೇರೆ. 9-15ರಿಂದ 10-15 ಎಂದರೆ ಅಷ್ಟರೊಳಗೆ ಮಾಂಗಲ್ಯಧಾರಣೆ ಆಗಿಹೋಗುತ್ತದೆ ಎಂದು ನಮಗೆ ಗೊತ್ತು. ಗೊತ್ತಿಲ್ಲದವರು ಅದನ್ನು ಕಾರ್ಯಕ್ರಮ ನಡೆಯುವ ಅವಧಿ ಎಂದುಕೊಂಡು ಹತ್ತಕ್ಕೆ ಬರುತ್ತಾರೆ. ಆದ್ದರಿಂದ ಮುಹೂರ್ತದ ಹೊತ್ತಿನ ಕೆಳಗೆ ‘ಒಂಬತ್ತರೊಳಗೆ ಬನ್ನಿ, ನಂತರ ಊಟ’ ಎಂಬ ಅರ್ಥದ ಒಂದು ಸಾಲು ಸೇರಿಸಿ. ಆರತಕ್ಷತೆಗೆ ‘ರಿಸೆಪ್ಷನ್’ ಸಾಕು. ಬೀಗರ ಔತಣದ ಹೆಸರನ್ನು ಹಾಗೇ ಇಟ್ಟು, ಅದು ಮದುವೆಯ ನಂತರದ ಊಟ ಎಂದು ಪಕ್ಕದಲ್ಲಿ ತಿಳಿಸಿ.

ಆ ಔತಣದ ತಾರೀಖು ನೋಡಿ: 4-5-2025. ನಮಗದು ಮೇ 4. ಅಮೆರಿಕದಲ್ಲಿ ತಿಂಗಳನ್ನು ಮೊದಲು ಬರೆಯುವುದರಿಂದ ಅಲ್ಲಿಯವರು ಅದನ್ನು ಏಪ್ರಿಲ್ 5 ಎಂದು ಓದುತ್ತಾರೆ, ಅಂದರೆ ಮದುವೆಗೂ ಮೊದಲು. ಇಂಗ್ಲಿಷ್ ಪ್ರತಿಯಲ್ಲಿ ತಿಂಗಳ ಹೆಸರನ್ನು ಅಕ್ಷರದಲ್ಲಿ ಬರೆದು ವಾರವನ್ನೂ ಹಾಕಿದರೆ ಈ ಗೊಂದಲ ಹುಟ್ಟುವುದೇ ಇಲ್ಲ. ಮಧ್ಯಾಹ್ನ 12-30 ಎಂಬುದು ಪಿಎಂ, ಎಎಂ ಅಲ್ಲ.

ಕೊನೆಗೆ ಸ್ಪೆಲಿಂಗ್. ಶ್ರುತಿ ಎಂಬ ಒಂದು ಹೆಸರನ್ನು Shruthi, Shruti, Sruthi ಎಂದು ಮೂರು ಬಗೆಯಲ್ಲಿ ಬರೆಯುತ್ತಾರೆ. ಯಾವುದು ಚೆಂದ ಎಂಬುದು ಪ್ರಶ್ನೆಯಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ, ಪಾಸ್‌ಪೋರ್ಟ್, ಆಧಾರ್‌ನಲ್ಲಿ ಏನಿದೆಯೋ ಅದೇ ಪತ್ರಿಕೆಯಲ್ಲಿರಬೇಕು, ಇನಿಷಿಯಲ್ ಕೂಡ. ಮನೆಯಲ್ಲಿ ಕರೆಯುವ ಹೆಸರು ಬೇರೆ ಇದ್ದರೆ ಅದು ಎರಡನೆಯದಾಗಿ ಬರಲಿ. ಊರಿನ ಹೆಸರಿಗೂ ಹೀಗೆಯೇ. 2014ರ ನವೆಂಬರ್ 1ರಿಂದ ಕರ್ನಾಟಕದ 12 ಊರುಗಳ ಇಂಗ್ಲಿಷ್ ರೂಪ ಅಧಿಕೃತವಾಗಿ ಬದಲಾಗಿದೆ. ಅವುಗಳಲ್ಲಿ ಶಿವಮೊಗ್ಗವೂ ಒಂದು, ಆದ್ದರಿಂದ Shimoga ಅಲ್ಲ, Shivamogga. ನೆಂಟರ ಪಟ್ಟಿಯ ಮೇಲೆ ಬರುವ ‘ವಿತ್ ಬೆಸ್ಟ್ ಕಾಂಪ್ಲಿಮೆಂಟ್ಸ್ ಫ್ರಮ್’ ಎಂಬಲ್ಲಿ ‘ಎಲ್’ ನಂತರ ಬರುವುದು ‘ಐ’. ಅಲ್ಲಿ ‘ಇ’ ಬಿದ್ದರೆ ಪದವೇ ಬೇರೆಯಾಗುತ್ತದೆ, ಕಂಪ್ಯೂಟರಿನ ಸ್ಪೆಲ್‌ಚೆಕ್ ಅದನ್ನು ತಪ್ಪೆಂದು ಹಿಡಿಯುವುದೂ ಇಲ್ಲ.

ಎರಡೂ ಪ್ರತಿ ಸಿದ್ಧವಾದ ಮೇಲೆ ಅವನ್ನು ಪಕ್ಕಪಕ್ಕದಲ್ಲಿ ಇಟ್ಟು ವಾರ, ತಾರೀಖು, ಹೊತ್ತು, ಸ್ಥಳ, ಹೆಸರು, ಫೋನ್ ನಂಬರ್ ಈ ಆರನ್ನು ಮಾತ್ರ ತಾಳೆ ನೋಡಿ. ಮನೆಯವರೊಬ್ಬರು ಮತ್ತು ಮುಹೂರ್ತ ಇಟ್ಟುಕೊಟ್ಟವರು ಇಬ್ಬರೂ ಒಪ್ಪಿದ ಮೇಲೆ, ಯಾವ ಫೈಲಿಗೆ ಒಪ್ಪಿಗೆ ಕೊಡುತ್ತಿದ್ದೀರಿ ಎಂಬುದನ್ನು ಬರೆದು ‘ಓಕೆ’ ಕಳಿಸಿ. ಆ ಒಂದು ಪದ ಹೋದ ಮೇಲೆ ಉಳಿದ ತಪ್ಪಿಗೆ ಹಣ ಕೊಡುವವರು ನೀವೇ, ಪ್ರೆಸ್ಸಿನವರಲ್ಲ.